ಮಾರ್ಚ್ ಶೀಟಿಗೂ ಏಪ್ರಿಲ್ ಶೀಟಿಗೂ ನಡುವೆ ಏನೇನು ಬದಲಾಯಿತು?

2023ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ವೃತ್ತಿ ತೆರಿಗೆಯ ಮಿತಿ ಬದಲಾಯಿತು. ಅಲ್ಲಿಯವರೆಗೆ ತಿಂಗಳಿಗೆ 15,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇರುವವರಿಂದ 200 ರೂಪಾಯಿ ಮುರಿದುಕೊಳ್ಳಬೇಕಿತ್ತು. ಹೊಸ ನಿಯಮದಲ್ಲಿ ಆ ಮಿತಿ 25,000ಕ್ಕೆ ಏರಿತು. ಸಂಬಳದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಂಡಿದ್ದ ಕಚೇರಿಗಳಲ್ಲಿ ಆ ತಿಂಗಳು ಮಾಡಬೇಕಾಗಿದ್ದ ತಿದ್ದುಪಡಿ ಒಂದೇ: ಫಾರ್ಮುಲಾದಲ್ಲಿದ್ದ 15000 ತೆಗೆದು 25000 ಬರೆಯುವುದು. ಇಷ್ಟು ಸಣ್ಣ ಕೆಲಸದಲ್ಲಿ ಏನು ತಪ್ಪಾಗಬಹುದು, ತಪ್ಪಾಗಿದ್ದರೆ ಮಾರ್ಚ್ ಫೈಲನ್ನೂ ಏಪ್ರಿಲ್ ಫೈಲನ್ನೂ ಪಕ್ಕಪಕ್ಕ ಇಟ್ಟು ಅದನ್ನು ಹೇಗೆ ಹಿಡಿಯಬಹುದು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ನಲವತ್ತು ಮಂದಿ ಕೆಲಸ ಮಾಡುವ ಒಂದು ಖಾಸಗಿ ಶಾಲೆ ಎಂದಿಟ್ಟುಕೊಳ್ಳಿ. ಸಂಬಳದ ಶೀಟಿನಲ್ಲಿ A ಕಾಲಂನಲ್ಲಿ ನೌಕರರ ಸಂಖ್ಯೆ, B ಕಾಲಂನಲ್ಲಿ ಹೆಸರು, C ಕಾಲಂನಲ್ಲಿ ಮೂಲ ವೇತನ, D ಕಾಲಂನಲ್ಲಿ ಭತ್ಯೆ ಇದೆ. E ಕಾಲಂ ಇವೆರಡರ ಮೊತ್ತ. F ಕಾಲಂನಲ್ಲಿ ಭವಿಷ್ಯ ನಿಧಿ, ಅಂದರೆ ಪಿಎಫ್ ಕಡಿತ. G ಕಾಲಂನಲ್ಲಿ ವೃತ್ತಿ ತೆರಿಗೆ. ಕೊನೆಯ H ಕಾಲಂನಲ್ಲಿ ಕೈಗೆ ಸಿಗುವ ಸಂಬಳ. ನೌಕರರು 5ನೇ ಸಾಲಿನಿಂದ 44ನೇ ಸಾಲಿನವರೆಗೆ ಇದ್ದಾರೆ, 45ನೇ ಸಾಲಿನಲ್ಲಿ ಒಟ್ಟು ಮೊತ್ತ. ಮಾರ್ಚ್ ತಿಂಗಳಲ್ಲಿ ಐದನೇ ಸಾಲಿನ ಫಾರ್ಮುಲಾಗಳು ಹೀಗಿದ್ದವು:

```
E5:  =C5+D5
F5:  =ROUND(MIN(C5,15000)*12%,0)
G5:  =IF(E5>=15000,200,0)
H5:  =E5-F5-G5
```

F ಕಾಲಂನಲ್ಲಿಯೂ ಒಂದು 15000 ಇರುವುದನ್ನು ಗಮನಿಸಿ. ಅದು ವೃತ್ತಿ ತೆರಿಗೆಗೆ ಸಂಬಂಧಿಸಿದ್ದಲ್ಲ. ಪಿಎಫ್ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಯೂ 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿ. ನಮ್ಮ ಶಾಲೆ ಆ ಮಿತಿಯವರೆಗೆ ಮಾತ್ರ ಶೇಕಡಾ 12ರಂತೆ ಪಿಎಫ್ ಮುರಿಯುತ್ತದೆ. ಹಾಗಾಗಿ ಯಾರದೇ ಸಂಬಳದಿಂದ ಹೋಗುವ ಗರಿಷ್ಠ ಪಿಎಫ್ 1,800 ರೂಪಾಯಿ. ಬೇರೆ ಬೇರೆ ಎರಡು ಕಾನೂನುಗಳು ಕಾಕತಾಳೀಯವಾಗಿ ಒಂದೇ ಅಂಕಿಯನ್ನು ಬಳಸುತ್ತಿದ್ದವು.

ಏಪ್ರಿಲ್‌ನಲ್ಲಿ ಲೆಕ್ಕದ ಗುಮಾಸ್ತರು Ctrl+H ಒತ್ತಿ, 15000 ಇದ್ದ ಕಡೆಯೆಲ್ಲ 25000 ಬರಲಿ ಎಂದು ಕೊಟ್ಟು, Replace All ಒತ್ತಿದರು. ವೃತ್ತಿ ತೆರಿಗೆ ಸರಿಹೋಯಿತು. ಜೊತೆಗೆ ಪಿಎಫ್ ಮಿತಿಯೂ 25000 ಆಗಿಬಿಟ್ಟಿತು. ಫಾರ್ಮುಲಾ ಅಲ್ಲದ, ಕೈಯಿಂದ ಟೈಪು ಮಾಡಿದ ಅಂಕಿಯನ್ನೂ Replace All ಬಿಡುವುದಿಲ್ಲವಾದ್ದರಿಂದ, ಮೂಲ ವೇತನ ಸರಿಯಾಗಿ 15,000 ಇದ್ದ ಒಬ್ಬರಿಗೆ ಒಂದೇ ಏಟಿಗೆ 25,000 ಆಯಿತು. ಅದೇ ತಿಂಗಳು ಹೊಸ ಶಿಕ್ಷಕಿಯೊಬ್ಬರು ಸೇರಿದ್ದರಿಂದ 20ನೇ ಸಾಲಿನ ಜಾಗದಲ್ಲಿ ಒಂದು ಹೊಸ ಸಾಲು ಬಂತು. ಸಂಬಳವಿಲ್ಲದ ರಜೆ ಹಾಕಿದ್ದ ಇನ್ನೊಬ್ಬರಿಗೆ ಗುಮಾಸ್ತರು ಬೇರೆ ಕಡೆ ಲೆಕ್ಕ ಹಾಕಿ, H ಕಾಲಂನ ಫಾರ್ಮುಲಾದ ಮೇಲೆಯೇ 23500 ಎಂದು ಟೈಪು ಮಾಡಿದರು.

ಇವುಗಳಲ್ಲಿ ಯಾವುದು ತಾನಾಗಿ ಕಣ್ಣಿಗೆ ಬೀಳುತ್ತದೆ? ಮೂಲ ವೇತನ 15,000ದಿಂದ 25,000ಕ್ಕೆ ಏರಿದ್ದು ಬಹುಶಃ ಗೊತ್ತಾದೀತು. ಅವರ ಕೈಗೆ ಬರುವ ಹಣ ಸಾವಿರಾರು ರೂಪಾಯಿ ಹೆಚ್ಚಾಗಿರುತ್ತದೆ. ಪಿಎಫ್ ತಪ್ಪು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಮೂಲ ವೇತನ 12,400 ಇರುವವರಿಗೆ ಮಿತಿ 15,000 ಆದರೂ 25,000 ಆದರೂ ಪಿಎಫ್ 1,488 ರೂಪಾಯಿಯೇ. ಫಾರ್ಮುಲಾ ತಪ್ಪಾಗಿದೆ, ಉತ್ತರ ಸರಿಯಾಗಿದೆ. ಮೂಲ ವೇತನ 18,000, ಭತ್ಯೆ 9,000 ಇರುವವರಿಗೆ ಪಿಎಫ್ 1,800ರಿಂದ 2,160ಕ್ಕೆ ಏರಿ, ಕೈಗೆ ಬರುವ ಹಣ 360 ರೂಪಾಯಿ ಇಳಿಯುತ್ತದೆ. ಅವರು ಬಂದು ಕೇಳಿಯಾರು. ಮೂಲ ವೇತನ 16,000, ಭತ್ಯೆ 5,000 ಇರುವವರ ವಿಷಯ ಬೇರೆ. ಅವರಿಗೆ ಪಿಎಫ್ 120 ರೂಪಾಯಿ ಹೆಚ್ಚು ಹೋಗುತ್ತದೆ, ಆದರೆ ವೃತ್ತಿ ತೆರಿಗೆಯ 200 ರೂಪಾಯಿ ಉಳಿಯುತ್ತದೆ. ಕೈಗೆ ಬರುವ ಸಂಬಳ 19,000ದಿಂದ 19,080 ಆಗುತ್ತದೆ. ತೆರಿಗೆ ಕಡಿಮೆಯಾಗಿದೆಯೆಂದು ಅವರಿಗೆ ಗೊತ್ತು, ಸಂಬಳ ಹೆಚ್ಚಾಗಿದೆಯೆಂದು ಚೀಟಿಯಲ್ಲಿ ಕಾಣುತ್ತಿದೆ. ತಮ್ಮಿಂದ ಹೆಚ್ಚು ಹಣ ಮುರಿಯಲಾಗಿದೆ ಎಂಬ ಅನುಮಾನ ಅವರಿಗೆ ಬರಲು ಕಾರಣವೇ ಇಲ್ಲ.

ಆದ್ದರಿಂದ ಎರಡು ತಿಂಗಳ ಉತ್ತರಗಳನ್ನು ಹೋಲಿಸಿದರೆ ಸಾಲದು. ಪ್ರತಿ ಸೆಲ್‌ನ ಒಳಗೆ ಏನಿದೆ ಎಂಬುದನ್ನೇ ಹೋಲಿಸಬೇಕು. ಎಕ್ಸೆಲ್ 2007ರಿಂದ ಬಳಕೆಯಲ್ಲಿರುವ .xlsx ಫೈಲು ವಾಸ್ತವವಾಗಿ ಒಂದು ಜಿಪ್ ಕಟ್ಟು. ಅದರೊಳಗೆ ಪ್ರತಿ ಶೀಟಿಗೂ ಒಂದು ಪಠ್ಯದ ಕಡತ ಇರುತ್ತದೆ. ಫಾರ್ಮುಲಾ ಇರುವ ಒಂದು ಸೆಲ್ ಅದರಲ್ಲಿ ಹೀಗೆ ದಾಖಲಾಗಿರುತ್ತದೆ:

```
<c r="F12"><f>ROUND(MIN(C12,15000)*12%,0)</f><v>1488</v></c>
```

`f` ಎಂಬ ಗುರುತಿನ ನಡುವೆ ಇರುವುದು ಫಾರ್ಮುಲಾ, `v` ಗುರುತಿನ ನಡುವೆ ಇರುವುದು ಕೊನೆಯ ಬಾರಿ ಲೆಕ್ಕ ಹಾಕಿದಾಗ ಬಂದ ಉತ್ತರ. ಎರಡೂ ಬೇರೆ ಬೇರೆಯಾಗಿ ಉಳಿದಿರುವುದರಿಂದಲೇ ಹೋಲಿಕೆಯನ್ನು ಎರಡು ಹಂತದಲ್ಲಿ ಮಾಡಲು ಸಾಧ್ಯ. ಕೈಯಿಂದ ಬರೆದ ಅಂಕಿ ಮತ್ತು ಫಾರ್ಮುಲಾ, ಇವೆರಡು ಕಾರಣಗಳು. ಫಾರ್ಮುಲಾದಿಂದ ಬಂದ ಉತ್ತರ ಪರಿಣಾಮ. ಒಂದು ಮೂಲ ವೇತನ ಬದಲಾದರೆ ಅದೇ ಸಾಲಿನ ಒಟ್ಟು ಸಂಬಳ, ಪಿಎಫ್, ಕೈಗೆ ಬರುವ ಹಣ, ಕೆಳಗಿನ ಮೊತ್ತ ಎಲ್ಲವೂ ಬದಲಾಗುತ್ತವೆ. ಬದಲಾವಣೆಗಳ ಪಟ್ಟಿಯಲ್ಲಿ ಮೊದಲು ಬೇಕಾದದ್ದು ಕಾರಣಗಳು. ಅವು ಸಿಕ್ಕಿದರೆ ಪರಿಣಾಮಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಈಗ ಹೋಲಿಕೆಗೆ ಬರೋಣ. ಎರಡೂ ಮೂಲ ಫೈಲುಗಳನ್ನು ಮುಟ್ಟದೆ, ಒಂದು ಹೊಸ ವರ್ಕ್‌ಬುಕ್ ತೆರೆದು, ಶೀಟಿನ ಹೆಸರಿನ ಮೇಲೆ ಬಲ ಗುಂಡಿ ಒತ್ತಿ Move or Copy ಮೂಲಕ ಎರಡೂ ಶೀಟುಗಳ ನಕಲನ್ನು ಅದರೊಳಕ್ಕೆ ತನ್ನಿ. Create a copy ಎಂಬಲ್ಲಿ ಗುರುತು ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಶೀಟು ಮೂಲ ಫೈಲಿನಿಂದಲೇ ಎದ್ದು ಬರುತ್ತದೆ. ಒಂದಕ್ಕೆ `Mar`, ಇನ್ನೊಂದಕ್ಕೆ `Apr` ಎಂದು ಹೆಸರಿಡಿ. ಮೂರನೆಯದಾಗಿ `Diff` ಎಂಬ ಖಾಲಿ ಶೀಟು ಇರಲಿ.

ಹೆಚ್ಚಿನವರು ಮೊದಲು ಮಾಡುವುದು ಜಾಗಕ್ಕೆ ಜಾಗ ಹೋಲಿಸುವ ಕೆಲಸ: `Mar` ಶೀಟಿನ F5 ಮತ್ತು `Apr` ಶೀಟಿನ F5 ಒಂದೇ ಆಗಿದೆಯೇ, F6 ಒಂದೇ ಆಗಿದೆಯೇ, ಹೀಗೆ. 19ನೇ ಸಾಲಿನವರೆಗೆ ಇದು ಚೆನ್ನಾಗಿ ನಡೆಯುತ್ತದೆ. 20ನೇ ಸಾಲಿನಲ್ಲಿ ಹೊಸ ಶಿಕ್ಷಕಿ ಬಂದಿದ್ದಾರೆ. ಅಲ್ಲಿಂದ ಕೆಳಗೆ ಪ್ರತಿಯೊಬ್ಬರೂ ಒಂದೊಂದು ಸಾಲು ಇಳಿದಿದ್ದಾರೆ. ಒಬ್ಬರ ಮಾರ್ಚ್ ಸಂಬಳವನ್ನು ಇನ್ನೊಬ್ಬರ ಏಪ್ರಿಲ್ ಸಂಬಳದೊಡನೆ ಹೋಲಿಸಿದಂತಾಗಿ ಸುಮಾರು 200 ಸೆಲ್‌ಗಳು ಬದಲಾಗಿವೆ ಎಂಬ ವರದಿ ಬರುತ್ತದೆ. ಅಷ್ಟು ದೊಡ್ಡ ಪಟ್ಟಿಯನ್ನು ಯಾರೂ ಕೂತು ಓದುವುದಿಲ್ಲ. ನಿಜವಾದ ತಪ್ಪು ಅದರಲ್ಲಿ ಇದ್ದರೂ ಇಲ್ಲದಂತೆಯೇ.

ಹೀಗಾಗಿ ಸಾಲಿನ ಸಂಖ್ಯೆಯನ್ನು ಬಿಟ್ಟು ನೌಕರರ ಸಂಖ್ಯೆಯನ್ನು ಹಿಡಿಯಬೇಕು. ಅದು ಎಲ್ಲಿಗೆ ಸರಿದರೂ ಬದಲಾಗದು, ಇಬ್ಬರಿಗೆ ಒಂದೇ ಇರದು. `Diff` ಶೀಟಿನ 5ನೇ ಸಾಲಿನಲ್ಲಿ ಹೀಗೆ ಬರೆಯಿರಿ:

```
A5:  =Apr!A5
B5:  =MATCH(A5,Mar!$A$5:$A$44,0)
C5:  =IFERROR(FORMULATEXT(INDEX(Mar!F$5:F$44,$B5)),"")
D5:  =IFERROR(FORMULATEXT(Apr!F5),"")
E5:  =IF(EXACT(C5,D5),"","ಬದಲು")
```

B5ರಲ್ಲಿರುವ MATCH ಏಪ್ರಿಲ್‌ನ ಈ ನೌಕರರು ಮಾರ್ಚ್ ಪಟ್ಟಿಯಲ್ಲಿ ಎಷ್ಟನೆಯವರು ಎಂದು ಹುಡುಕುತ್ತದೆ. C5 ಅವರ ಮಾರ್ಚ್ ತಿಂಗಳ ಪಿಎಫ್ ಫಾರ್ಮುಲಾವನ್ನು ಅಕ್ಷರಗಳಾಗಿ ತರುತ್ತದೆ, D5 ಏಪ್ರಿಲ್ ತಿಂಗಳದ್ದನ್ನು ತರುತ್ತದೆ. ಎಕ್ಸೆಲ್ 2013ರಲ್ಲಿ ಬಂದ FORMULATEXT ಇಲ್ಲಿ ಮುಖ್ಯವಾದ ಸಾಧನ. ಸೆಲ್‌ನಲ್ಲಿ ಫಾರ್ಮುಲಾ ಇಲ್ಲದಿದ್ದರೆ ಅದು ದೋಷ ತೋರಿಸುತ್ತದೆ, ಆಗ IFERROR ಖಾಲಿ ಬಿಡುತ್ತದೆ. ಒಂದು ಕಡೆ ಫಾರ್ಮುಲಾ, ಇನ್ನೊಂದು ಕಡೆ ಖಾಲಿ ಎಂದು ಬಂದರೆ ಫಾರ್ಮುಲಾದ ಮೇಲೆ ಯಾರೋ ಅಂಕಿ ಟೈಪು ಮಾಡಿದ್ದಾರೆ ಎಂದರ್ಥ. B ಕಾಲಂನಲ್ಲಿ `#N/A` ಬಂದವರು ಈ ತಿಂಗಳು ಹೊಸದಾಗಿ ಸೇರಿದವರು. ಕೆಲಸ ಬಿಟ್ಟವರನ್ನು ಕಾಣಲು ಇದೇ ಹುಡುಕಾಟವನ್ನು ಮಾರ್ಚ್‌ನಿಂದ ಏಪ್ರಿಲ್ ಕಡೆಗೆ ಇನ್ನೊಮ್ಮೆ ಮಾಡಬೇಕು.

ಇಷ್ಟು ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಒಂದು ಸಾಲು ಇಳಿದ ನೌಕರರ ಫಾರ್ಮುಲಾದಲ್ಲಿ ಮಾರ್ಚ್‌ನಲ್ಲಿ C30 ಇದ್ದದ್ದು ಏಪ್ರಿಲ್‌ನಲ್ಲಿ C31 ಆಗಿರುತ್ತದೆ. ಅರ್ಥ ಅದೇ, ಅಕ್ಷರ ಬೇರೆ. ಇದರಿಂದ E ಕಾಲಂನಂಥ ನಿರುಪದ್ರವಿ ಫಾರ್ಮುಲಾಗಳೂ ಬದಲು ಎಂದು ಕೂಗುತ್ತವೆ. ಇದಕ್ಕೆ ಎಕ್ಸೆಲ್‌ನಲ್ಲಿ ಮೊದಲಿನಿಂದಲೂ ಇರುವ, ಆದರೆ ಹೆಚ್ಚಿನವರು ತೆರೆದು ನೋಡದ ಒಂದು ಪರಿಹಾರವಿದೆ. File, Options, Formulas ಎಂದು ಹೋಗಿ R1C1 reference style ಎಂಬಲ್ಲಿ ಗುರುತು ಹಾಕಿ. ಮೇಲಿನ ಫಾರ್ಮುಲಾಗಳನ್ನು ಬರೆದು ಮುಗಿಸಿದ ಮೇಲೆ ಇದನ್ನು ಮಾಡಿ. `Diff` ಶೀಟಿನಲ್ಲಿ ಹಳೆಯದೇ ಕಾಣುತ್ತಿದ್ದರೆ Ctrl+Alt+F9 ಒತ್ತಿದರೆ ಎಲ್ಲವೂ ಮತ್ತೆ ಲೆಕ್ಕಕ್ಕೆ ಬರುತ್ತದೆ.

ಈ ಶೈಲಿಯಲ್ಲಿ ಫಾರ್ಮುಲಾ ತನ್ನ ಜಾಗದಿಂದ ಎಷ್ಟು ದೂರದಲ್ಲಿರುವ ಸೆಲ್ ಬೇಕು ಎಂದು ಹೇಳುತ್ತದೆ. ಪಿಎಫ್ ಫಾರ್ಮುಲಾ ಈಗ ಹೀಗೆ ಕಾಣುತ್ತದೆ:

```
ಮಾರ್ಚ್:   =ROUND(MIN(RC[-3],15000)*12%,0)
ಏಪ್ರಿಲ್:  =ROUND(MIN(RC[-3],25000)*12%,0)
```

`RC[-3]` ಎಂದರೆ ಇದೇ ಸಾಲಿನಲ್ಲಿ ಮೂರು ಕಾಲಂ ಎಡಕ್ಕಿರುವ ಸೆಲ್. ಐದನೇ ಸಾಲಿನಲ್ಲಿಯೂ ನಲವತ್ತನೇ ಸಾಲಿನಲ್ಲಿಯೂ ಇದೇ ಅಕ್ಷರಗಳು. ನೌಕರರು ಎಲ್ಲಿಗೆ ಸರಿದರೂ ಫಾರ್ಮುಲಾ ನಿಜವಾಗಿ ಬದಲಾಗದ ಹೊರತು ಬದಲು ಎಂದು ಬರುವುದಿಲ್ಲ. ಇನ್ನೂ ಒಂದು ಲಾಭವಿದೆ. ನಲವತ್ತು ಸೆಲ್‌ಗಳಲ್ಲಿ ಆದ ಬದಲಾವಣೆ ಅಕ್ಷರಶಃ ಒಂದೇ ಆಗಿರುವುದರಿಂದ ನಲವತ್ತನ್ನೂ ಒಂದೇ ಸಾಲಿನಲ್ಲಿ ಬರೆಯಬಹುದು. ಕಾಲಂನ ಉಳಿದ ಸೆಲ್‌ಗಳಿಗಿಂತ ಬೇರೆಯಾದ ಫಾರ್ಮುಲಾ ಎಲ್ಲಾದರೂ ಒಂದಿದ್ದರೆ ಅದೂ ತಟ್ಟನೆ ಕಾಣುತ್ತದೆ.

G ಮತ್ತು H ಕಾಲಂಗಳಿಗೆ, E ಕಾಲಂಗೆ ಇದನ್ನೇ ಮತ್ತೆ ಮಾಡಬೇಕು. ಕೈಯಿಂದ ತುಂಬುವ C ಮತ್ತು D ಕಾಲಂಗಳಲ್ಲಿ FORMULATEXT ಬೇಡ, ಅಂಕಿಗಳನ್ನೇ ಹೋಲಿಸಿದರಾಯಿತು. ಅಂಕಿ ಹೋಲಿಸುವಾಗ ಎಕ್ಸೆಲ್‌ನ ಎರಡು ನಡವಳಿಕೆಗಳನ್ನು ತಿಳಿದಿರಬೇಕು. ಸಮ ಚಿಹ್ನೆಯ ಹೋಲಿಕೆಯಲ್ಲಿ ಖಾಲಿ ಸೆಲ್ ಮತ್ತು ಸೊನ್ನೆ ಎರಡೂ ಒಂದೇ. ಹಾಗಾಗಿ ಯಾರದ್ದಾದರೂ ಭತ್ಯೆಯನ್ನು ಅಳಿಸಿ ಸೊನ್ನೆ ಹಾಕಿದ್ದರೆ, ಅಥವಾ ಸೊನ್ನೆ ಅಳಿಸಿ ಖಾಲಿ ಬಿಟ್ಟಿದ್ದರೆ ಅದು ಕಾಣುವುದಿಲ್ಲ. ಇನ್ನೊಂದು, 18000 ಎಂಬ ಸಂಖ್ಯೆ ಮತ್ತು ಅಕ್ಷರವಾಗಿ ಉಳಿದ 18000 ಇವೆರಡನ್ನು ಸಮ ಚಿಹ್ನೆ ಬೇರೆ ಬೇರೆ ಎನ್ನುತ್ತದೆ, EXACT ಒಂದೇ ಎನ್ನುತ್ತದೆ. ಬೇರೆ ತಂತ್ರಾಂಶದಿಂದ ನಕಲು ಮಾಡಿ ಅಂಟಿಸಿದ ಅಂಕಿಗಳು ಅಕ್ಷರವಾಗಿ ಉಳಿಯುವುದು ಸಾಮಾನ್ಯ. SUM ಅಂಥವನ್ನು ಕೂಡುವುದಿಲ್ಲವಾದ್ದರಿಂದ ಇದು ಉದಾಸೀನ ಮಾಡುವ ಸಂಗತಿಯಲ್ಲ. ಅಂಕಿಗಳ ಕಾಲಂಗೆ ಸಮ ಚಿಹ್ನೆ, ಫಾರ್ಮುಲಾಗಳ ಕಾಲಂಗೆ EXACT ಎಂದು ಇಟ್ಟುಕೊಂಡರೆ ಸರಿಯಾಗುತ್ತದೆ.

ಈ ಕೆಲಸ ಮುಗಿದಾಗ 200 ಸೆಲ್‌ಗಳ ಗದ್ದಲ ಐದು ಸಾಲಿಗೆ ಇಳಿಯುತ್ತದೆ. ಒಂದು, G ಕಾಲಂನಲ್ಲಿ ಹಳೆಯ ನಲವತ್ತೂ ಮಂದಿಗೆ 15000 ಹೋಗಿ 25000 ಬಂದಿದೆ. ಎರಡು, F ಕಾಲಂನಲ್ಲಿಯೂ ನಲವತ್ತು ಮಂದಿಗೆ ಅದೇ ಬದಲಾವಣೆಯಾಗಿದೆ. ಮೂರು, ಒಬ್ಬರ ಮೂಲ ವೇತನ 15,000ದಿಂದ 25,000ಕ್ಕೆ ಹೋಗಿದೆ. ನಾಲ್ಕು, ಒಬ್ಬರ H ಸೆಲ್‌ನಲ್ಲಿ ಫಾರ್ಮುಲಾ ಹೋಗಿ 23500 ಎಂಬ ಅಂಕಿ ಕೂತಿದೆ. ಐದು, ಒಬ್ಬರು ಹೊಸಬರು ಸೇರಿದ್ದಾರೆ, ಅದಕ್ಕೆ ತಕ್ಕಂತೆ ಕೆಳಗಿನ ಮೊತ್ತದ ವ್ಯಾಪ್ತಿ H5:H44ರಿಂದ H5:H45ಕ್ಕೆ ಬೆಳೆದಿದೆ.

ಈ ಪಟ್ಟಿಯನ್ನು ಓದಬೇಕಾದದ್ದು ಇನ್ನೊಂದು ಪಟ್ಟಿಯ ಜೊತೆಗೆ: ಈ ತಿಂಗಳು ಏನೇನು ಬದಲಾಗಬೇಕಿತ್ತು? ಬದಲಾಗಬೇಕಿದ್ದದ್ದು ಎರಡು, ವೃತ್ತಿ ತೆರಿಗೆಯ ಮಿತಿ ಮತ್ತು ಹೊಸ ಶಿಕ್ಷಕಿಯ ಸಾಲು. ಅವೆರಡನ್ನೂ ಹೊಡೆದುಹಾಕಿದರೆ ಉಳಿಯುವುದು ಮೂರು. ಆ ಮೂರಕ್ಕೂ ಯಾರಾದರೂ ವಿವರಣೆ ಕೊಡಬೇಕು. ಪಿಎಫ್ ಮತ್ತು ಮೂಲ ವೇತನಕ್ಕೆ ವಿವರಣೆ ಇಲ್ಲ, ಅವು ತಪ್ಪು. 23500ಕ್ಕೆ ವಿವರಣೆ ಇದೆ, ಆದರೆ ಮಾಡಿದ ರೀತಿ ಸರಿಯಿಲ್ಲ. ಮೇ ತಿಂಗಳಲ್ಲಿ ಆ ನೌಕರರು ಪೂರ್ತಿ ಕೆಲಸಕ್ಕೆ ಬಂದರೂ ಆ ಸೆಲ್ 23500 ಎಂದೇ ಹೇಳುತ್ತಿರುತ್ತದೆ. ರಜೆ ಕಡಿತಕ್ಕೆ ಬೇರೆಯೇ ಕಾಲಂ ಇಟ್ಟು, H ಫಾರ್ಮುಲಾ ಅದನ್ನು ಕಳೆಯುವಂತೆ ಮಾಡಬೇಕಿತ್ತು.

ಬದಲಾಗಬೇಕಿದ್ದದ್ದು ಪೂರ್ತಿಯಾಗಿ ಬದಲಾಗಿದೆಯೇ ಎಂಬುದನ್ನೂ ಈ ಪಟ್ಟಿಯೇ ಹೇಳುತ್ತದೆ. G ಕಾಲಂನಲ್ಲಿ ನಲವತ್ತರ ಬದಲು ಮೂವತ್ತೊಂಬತ್ತು ಎಂದು ಬಂದಿದ್ದರೆ, ಒಬ್ಬರ ವೃತ್ತಿ ತೆರಿಗೆಯ ಸೆಲ್‌ನಲ್ಲಿ ಮೊದಲಿನಿಂದಲೂ ಫಾರ್ಮುಲಾ ಇರದೆ 200 ಎಂಬ ಅಂಕಿ ಮಾತ್ರ ಇತ್ತು ಎಂದು ಗೊತ್ತಾಗುತ್ತಿತ್ತು. ಬದಲಾಗಬೇಕಾದದ್ದು ಬದಲಾಗದೆ ಉಳಿಯುವುದೂ ತಪ್ಪೇ.

ಸಿದ್ಧ ಉಪಕರಣಗಳೂ ಇವೆ. ಆಫೀಸ್ 2013ರ ಪ್ರೊಫೆಷನಲ್ ಪ್ಲಸ್ ಆವೃತ್ತಿಯಿಂದ ಮೈಕ್ರೋಸಾಫ್ಟ್ ತನ್ನ ದೊಡ್ಡ ಸಂಸ್ಥೆಗಳ ಆವೃತ್ತಿಗಳಲ್ಲಿ Spreadsheet Compare ಎಂಬ ಪ್ರತ್ಯೇಕ ಪ್ರೋಗ್ರಾಮ್ ಕೊಡುತ್ತಿದೆ. ಎರಡು ಫೈಲುಗಳನ್ನು ಕೊಟ್ಟರೆ ಅದು ಕೈಯಿಂದ ಬರೆದ ಅಂಕಿ, ಲೆಕ್ಕದಿಂದ ಬಂದ ಉತ್ತರ, ಫಾರ್ಮುಲಾ, ಹೆಸರುಗಳು, ಮ್ಯಾಕ್ರೋ ಇವುಗಳ ಬದಲಾವಣೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿ, ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಕೊಡುತ್ತದೆ. ಮನೆಬಳಕೆಯ ಆಫೀಸ್‌ನಲ್ಲಿ ಅದು ಇರುವುದಿಲ್ಲ. ಉಚಿತವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ Edit, Track Changes, Compare Document ಎಂಬಲ್ಲಿ ಹೋಲಿಕೆಯ ಸೌಲಭ್ಯವಿದೆ. ಯಾವುದನ್ನು ಬಳಸಿದರೂ ಹೋಲಿಸುವ ಮುನ್ನ ಎರಡೂ ಶೀಟುಗಳ ನಕಲನ್ನು ನೌಕರರ ಸಂಖ್ಯೆಯ ಕ್ರಮದಲ್ಲಿ ಜೋಡಿಸಿಕೊಂಡರೆ ಗದ್ದಲ ಕಡಿಮೆಯಾಗುತ್ತದೆ. ಪಟ್ಟಿ ಬಂದ ಮೇಲೆ ಲೆಕ್ಕದಿಂದ ಬಂದ ಉತ್ತರಗಳನ್ನು ಬದಿಗಿಟ್ಟು, ಫಾರ್ಮುಲಾ ಮತ್ತು ಬರೆದ ಅಂಕಿಗಳನ್ನು ಮೊದಲು ಓದಿ.

ಈ ಹೋಲಿಕೆಗೆ ಒಂದು ಮಿತಿ ಇದೆ. ಎರಡೂ ಆವೃತ್ತಿಗಳಲ್ಲಿ ಒಂದೇ ತಪ್ಪು ಇದ್ದರೆ ಅದು ಬದಲಾವಣೆಯಲ್ಲ, ಪಟ್ಟಿಗೆ ಬರುವುದೂ ಇಲ್ಲ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ದೇಶಗಳ ಸಾಲಕ್ಕೂ ಬೆಳವಣಿಗೆಗೂ ಇರುವ ಸಂಬಂಧದ ಬಗ್ಗೆ ಪ್ರಕಟಿಸಿದ ಪ್ರಬಂಧದ ಎಕ್ಸೆಲ್ ಶೀಟಿನಲ್ಲಿ ಸರಾಸರಿಯ ಫಾರ್ಮುಲಾ 30ರಿಂದ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಈ ಐದು ದೇಶಗಳು ಲೆಕ್ಕದಿಂದ ಹೊರಗುಳಿದವು. ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕೇಂದ್ರದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರು 2013ರಲ್ಲಿ ಇದನ್ನೂ ಬೇರೆ ಕೆಲವು ಆಕ್ಷೇಪಗಳನ್ನೂ ಪ್ರಕಟಿಸಿದರು. ಶೀಟಿನ ತಪ್ಪನ್ನು ಲೇಖಕರು ಒಪ್ಪಿಕೊಂಡರು. ಮೊದಲ ಆವೃತ್ತಿಯಲ್ಲಿಯೇ ಇರುವ ಇಂಥ ತಪ್ಪನ್ನು ಎರಡು ಆವೃತ್ತಿಗಳ ಹೋಲಿಕೆ ಹಿಡಿಯಲಾರದು. ಅದಕ್ಕೆ ಒಂದು ಆವೃತ್ತಿಯನ್ನಾದರೂ ಒಮ್ಮೆ ಸೆಲ್ ಸೆಲ್ ಆಗಿ ಪರೀಕ್ಷಿಸಿ ಸರಿ ಎಂದು ಖಚಿತಪಡಿಸಿಕೊಂಡಿರಬೇಕು. ಆ ಆವೃತ್ತಿಯೇ ಮುಂದಿನ ಎಲ್ಲ ಹೋಲಿಕೆಗೂ ಅಳತೆಗೋಲು.

ನಮ್ಮ ಶಾಲೆಯ ಶೀಟಿನಲ್ಲಿ ಮೂಲ ದೋಷ Replace All ಅಲ್ಲ. ಕಾನೂನಿನ ಮಿತಿಗಳನ್ನು ಫಾರ್ಮುಲಾದ ಹೊಟ್ಟೆಯೊಳಗೆ ಬರೆದದ್ದೇ ದೋಷ. ವೃತ್ತಿ ತೆರಿಗೆಯ ಮಿತಿಗೆ ಒಂದು ಸೆಲ್, ಪಿಎಫ್ ಮಿತಿಗೆ ಇನ್ನೊಂದು ಸೆಲ್ ಮೇಲ್ಭಾಗದಲ್ಲಿ ಪ್ರತ್ಯೇಕವಾಗಿ ಇಟ್ಟು, ಫಾರ್ಮುಲಾಗಳು ಅವನ್ನು ನೋಡುವಂತೆ ಮಾಡಿದ್ದರೆ ಏಪ್ರಿಲ್‌ನ ತಿದ್ದುಪಡಿ ಒಂದೇ ಸೆಲ್‌ನಲ್ಲಿ ಮುಗಿಯುತ್ತಿತ್ತು. ಹೋಲಿಕೆಯ ಪಟ್ಟಿಯಲ್ಲಿ ಒಂದು ಬರೆದ ಅಂಕಿ ಬದಲಾಗಿದೆ, ಫಾರ್ಮುಲಾ ಒಂದೂ ಬದಲಾಗಿಲ್ಲ ಎಂದು ಬರುತ್ತಿತ್ತು. ಅಂಥ ಶೀಟಿನಲ್ಲಿ ಯಾವುದೇ ತಿಂಗಳು ಫಾರ್ಮುಲಾ ಬದಲಾಗಿದೆ ಎಂಬ ಸುದ್ದಿ ಬಂದರೆ ಅದೇ ಎಚ್ಚರಿಕೆ.

ಸಂಬಳದ ಪಟ್ಟಿಗೆ, ಬಜೆಟ್ಟಿಗೆ, ಅಂದಾಜು ಪಟ್ಟಿಗೆ ಸಹಿ ಹಾಕುವವರಲ್ಲಿ ಒಂದು ವಿನಂತಿ. ಕೆಳಗಿನ ಮೊತ್ತವನ್ನು ನೋಡಿ ಸಹಿ ಹಾಕಬೇಡಿ. ಹಿಂದಿನ ತಿಂಗಳ ಫೈಲನ್ನು ಬದಲಿಸದೆ ಉಳಿಸುವ ಪದ್ಧತಿ ಇಟ್ಟುಕೊಳ್ಳಿ. ಹೊಸ ಫೈಲಿನ ಜೊತೆಗೆ ಬದಲಾದ ಅಂಕಿಗಳ ಮತ್ತು ಬದಲಾದ ಫಾರ್ಮುಲಾಗಳ ಪಟ್ಟಿಯನ್ನೂ ಕೇಳಿ ಪಡೆಯಿರಿ, ಪ್ರತಿ ಸಾಲಿಗೂ ಕಾರಣ ಬರೆದಿರಲಿ. ಕಾರಣ ಇಲ್ಲದ ಸಾಲು ಒಂದಿದ್ದರೂ ಹಣ ಬಿಡುಗಡೆಯಾಗುವ ಮುನ್ನ ಅದು ಇತ್ಯರ್ಥವಾಗಲಿ.